ನಿರ್ದೇಶಕ (ಕಾರ್ಯಾಚರಣೆ) ಹುದ್ದೆ: ಜನವರಿ 20ರ ಮಾತುಕತೆಗೆ ಸಂಬಂಧಿಸಿ

ಕೋಲಾರ
22-01-2026

ಮಾನ್ಯ ಶ್ರೀಮತಿ ವಸುಧಾ ಅವರಿಗೆ ನಮಸ್ಕಾರಗಳು.

ಮಂಗಳವಾರ ಸಂಜೆ ತಾವು ಸುಮಾರು ಐವತ್ತು ನಿಮಿಷ ಬಿಡುವು ಮಾಡಿಕೊಂಡು ಮಾತನಾಡಿದ್ದಕ್ಕೆ ಕೃತಜ್ಞನಾಗಿದ್ದೇನೆ. ಕಂಪನಿಯ ಸಂಸ್ಥಾಪಕರು ಅಭ್ಯರ್ಥಿಗಳ ಬರಹವನ್ನು ತಾವೇ ಓದುತ್ತಾರೆ, ಹಾಗಾಗಿ ಮುಂದಿನ ವಿವರಗಳನ್ನು ಕನ್ನಡದಲ್ಲೇ ಕಳಿಸಿದರೆ ಒಳ್ಳೆಯದು ಎಂದು ತಾವು ಹೇಳಿದ್ದಿರಿ. ಅದರಂತೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಈ ಹಂತದಲ್ಲಿ ತಿಳಿಸಲಾಗದು ಎಂಬ ತಮ್ಮ ಮಾತು ನನಗೆ ಅರ್ಥವಾಗುತ್ತದೆ. ಧಾರವಾಡದ ಸುತ್ತಮುತ್ತ ಎರಡು ಘಟಕಗಳು, ದಿನಕ್ಕೆ ಒಂದು ಲಕ್ಷ ಲೀಟರ್ ಹಾಲು, ಮೂರು ವರ್ಷಗಳಲ್ಲಿ ಅದನ್ನು ಎರಡೂವರೆ ಲಕ್ಷಕ್ಕೆ ಏರಿಸಿ ಪನೀರ್ ಮತ್ತು ತುಪ್ಪದ ಮಾರುಕಟ್ಟೆಗೆ ಗಟ್ಟಿಯಾಗಿ ಇಳಿಯುವ ಉದ್ದೇಶ, ಇಷ್ಟು ವಿವರದ ಮೇಲೆಯೇ ನನ್ನ ಅಭಿಪ್ರಾಯವನ್ನು ತಿಳಿಸಬಲ್ಲೆ.

ಎರಡು ದಿನ ಯೋಚಿಸಿದ ಮೇಲೂ ಈ ಹುದ್ದೆಯಲ್ಲಿ ನನ್ನ ಆಸಕ್ತಿ ಹಾಗೆಯೇ ಇದೆ. ಆದರೆ ಮುಂದಿನ ಹಂತಕ್ಕೆ ತಾವು ನನ್ನ ಹೆಸರನ್ನು ಕಳಿಸುವ ಮೊದಲು, ಅಂದು ನಾನು ಕೊಟ್ಟ ಒಂದು ಉತ್ತರವನ್ನು ಪೂರ್ತಿಗೊಳಿಸಬೇಕಾಗಿದೆ.

"ನಿಮ್ಮ ಹೊಣೆಯಲ್ಲಿದ್ದಾಗ ನಡೆದ ಅತ್ಯಂತ ದೊಡ್ಡ ತಪ್ಪು ಯಾವುದು" ಎಂದು ತಾವು ಕೇಳಿದಿರಿ. 2022ರ ಮೇ ತಿಂಗಳಲ್ಲಿ ಮಾರುಕಟ್ಟೆಯಿಂದ ಹಾಲಿನ ಪ್ಯಾಕೆಟ್‌ಗಳನ್ನು ವಾಪಸ್ ಪಡೆದ ಪ್ರಸಂಗವನ್ನು ಹೇಳಿ, ಅದಕ್ಕೆ ಒಂದು ಶೀತಲೀಕರಣ ಕೇಂದ್ರದ ಯಂತ್ರದೋಷ ಕಾರಣ ಎಂದೆ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಆ ಕೇಂದ್ರದ ಕಂಪ್ರೆಸರ್‌ನ ವಾರ್ಷಿಕ ಸರ್ವಿಸ್ ಏಪ್ರಿಲ್‌ನಲ್ಲೇ ಆಗಬೇಕಿತ್ತು. ಬೇಸಿಗೆಯಲ್ಲಿ ಹಾಲಿನ ಕೊರತೆ ಇರುವುದರಿಂದ ಕೇಂದ್ರವನ್ನು ಎರಡು ದಿನ ನಿಲ್ಲಿಸುವುದು ಬೇಡ, ಮಳೆ ಬಿದ್ದ ಮೇಲೆ ಮಾಡೋಣ ಎಂಬ ಟಿಪ್ಪಣಿಗೆ ಸಹಿ ಹಾಕಿದವನು ನಾನು. ಒಂದು ರಾತ್ರಿ ಕರೆಂಟ್ ಹೋಯಿತು, ಜನರೇಟರ್ ತಡವಾಗಿ ಶುರುವಾಯಿತು, ದಣಿದಿದ್ದ ಕಂಪ್ರೆಸರ್‌ಗೆ ಟ್ಯಾಂಕಿನ ಹಾಲನ್ನು ಮತ್ತೆ ನಾಲ್ಕು ಡಿಗ್ರಿಗೆ ಇಳಿಸಲಾಗಲಿಲ್ಲ. ಬೆಳಿಗ್ಗೆ ಟ್ಯಾಂಕರ್ ಘಟಕಕ್ಕೆ ಬಂದಾಗ ಹಾಲು ಒಂಬತ್ತು ಡಿಗ್ರಿಯಲ್ಲಿತ್ತು. ಪಾಳಿಯ ಕೆಮಿಸ್ಟ್ ಅನುಮಾನ ವ್ಯಕ್ತಪಡಿಸಿದರು. ಆದರೆ ಟ್ಯಾಂಕರನ್ನು ತಿರುಗಿಸಿ ಕಳಿಸುವ ಅಧಿಕಾರ ಅವರಿಗಿರಲಿಲ್ಲ. ಅದನ್ನು ಅವರಿಗೆ ಕೊಡದಿದ್ದ ವ್ಯವಸ್ಥೆಯೂ ನನ್ನದೇ. ಮರುದಿನ ಮಧ್ಯಾಹ್ನದ ಹೊತ್ತಿಗೆ ಕಾಯಿಸಿದರೆ ಹಾಲು ಒಡೆಯುತ್ತಿದೆ ಎಂಬ ದೂರುಗಳು ಬರತೊಡಗಿದವು. ನಲವತ್ತೆರಡು ಸಾವಿರ ಲೀಟರ್ ಹಾಲನ್ನು ನಾವು ವಾಪಸ್ ಪಡೆದೆವು.

ಇದನ್ನು ಅಂದೇ ಏಕೆ ಹೇಳಲಿಲ್ಲ ಎಂದು ಕೇಳಿದರೆ, ಮೊದಲ ಭೇಟಿಯಲ್ಲಿ ಚೆನ್ನಾಗಿ ಕಾಣಿಸಿಕೊಳ್ಳಬೇಕೆಂಬ ಹಂಬಲ ಬಿಟ್ಟರೆ ನನ್ನಲ್ಲಿ ಬೇರೆ ಉತ್ತರವಿಲ್ಲ. ತಾವು ಮುಂದೆ ರೆಫರೆನ್ಸ್ ವಿಚಾರಿಸುವಾಗ ಈ ವಿಷಯ ಬಂದೇ ಬರುತ್ತದೆ, ಬರಲೂಬೇಕು. ಅದಕ್ಕಿಂತ ಮುಖ್ಯವಾಗಿ, ಆ ಘಟನೆಯ ನಂತರ ನಾನು ಮಾಡಿದ ಕೆಲಸವೇ ಈ ಹುದ್ದೆಗೆ ನನ್ನ ನಿಜವಾದ ಅರ್ಹತೆ ಎಂದು ಭಾವಿಸಿದ್ದೇನೆ. ನಮ್ಮ ಮೂವತ್ತೊಂದು ಬಲ್ಕ್ ಕೂಲರ್‌ಗಳಿಗೂ ತಾಪಮಾನವನ್ನು ತಾನೇ ದಾಖಲಿಸುವ ಉಪಕರಣ ಹಾಕಿಸಿದೆವು. ಸರ್ವಿಸ್ ಮುಂದೂಡಬೇಕಾದರೆ ಕಾರ್ಯಾಚರಣೆ ಮತ್ತು ಗುಣಮಟ್ಟ ವಿಭಾಗಗಳೆರಡರ ಸಹಿಯೂ ಬೇಕೆಂದು ಮಾಡಿದೆವು. ಟ್ಯಾಂಕರ್ ವಾಪಸ್ ಕಳಿಸುವ ಅಧಿಕಾರವನ್ನು ಪಾಳಿಯ ಕೆಮಿಸ್ಟ್‌ಗೆ ಲಿಖಿತವಾಗಿ ಕೊಟ್ಟೆವು. ಮಾರಾಟ ವಿಭಾಗದ ಒತ್ತಡ ಎಷ್ಟೇ ಇದ್ದರೂ ಆ ನಿರ್ಧಾರವನ್ನು ನಾನೂ ಬದಲಿಸುವಂತಿಲ್ಲ. ಮೊದಲ ಮೂರು ತಿಂಗಳಲ್ಲಿ ಅವರು ಏಳು ಟ್ಯಾಂಕರ್‌ಗಳನ್ನು ತಿರುಗಿಸಿದರು. ಅದು ಕಂಪನಿಗೆ ನೋವಿನ ಸಂಗತಿಯಾಗಿತ್ತು. ಆದರೆ ಎರಡು ವರ್ಷಗಳಲ್ಲಿ ನಮ್ಮ ಕಚ್ಚಾ ಹಾಲಿನ ಮೆಥಿಲೀನ್ ಬ್ಲೂ ಪರೀಕ್ಷೆಯ ಸರಾಸರಿ ಅವಧಿ ನಲವತ್ತು ನಿಮಿಷದಿಂದ ಮೂರು ಗಂಟೆಯ ಹತ್ತಿರಕ್ಕೆ ಬಂತು. ಅಂದರೆ ಹಾಲಿನಲ್ಲಿ ಬ್ಯಾಕ್ಟೀರಿಯಾ ಅಷ್ಟು ಕಡಿಮೆಯಾಗಿ, ಬಣ್ಣ ಮಾಯವಾಗಲು ಅಷ್ಟು ಹೆಚ್ಚು ಹೊತ್ತು ಹಿಡಿಯತೊಡಗಿತು.

ಇದೇ ಕಾರಣಕ್ಕೆ, ತಾವು ವಿವರಿಸಿದ ಹುದ್ದೆಯ ಸ್ವರೂಪದಲ್ಲಿ ಒಂದು ಅಂಶ ನನ್ನನ್ನು ಕಾಡುತ್ತಿದೆ. ಎರಡು ಘಟಕಗಳು, ಸಾಗಣೆ, ನಿರ್ವಹಣೆ ಮತ್ತು ಗುಣಮಟ್ಟ ಈ ನಿರ್ದೇಶಕರ ಕೆಳಗೆ ಬರುತ್ತವೆ, ಹಾಲು ಖರೀದಿ ಮಾತ್ರ ಈಗಿರುವಂತೆ ಕುಟುಂಬದ ಹಿರಿಯರೊಬ್ಬರ ಬಳಿಯೇ ಉಳಿಯುತ್ತದೆ ಎಂದಿರಿ. ರೈತರೊಂದಿಗೆ ಮೂವತ್ತು ವರ್ಷಗಳ ಬಾಂಧವ್ಯ ಬೆಳೆಸಿಕೊಂಡವರನ್ನು ಪಕ್ಕಕ್ಕೆ ಸರಿಸಬೇಕೆಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹಳ್ಳಿಯಲ್ಲಿ ಹಾಲು ಬರುವುದು ಆ ನಂಬಿಕೆಯಿಂದಲೇ. ಆದರೆ ಹಾಲು ಘಟಕದ ಗೇಟಿಗೆ ಬರುವ ಹೊತ್ತಿಗೆ ಅದರ ಗುಣಮಟ್ಟ ಬಹುಪಾಲು ತೀರ್ಮಾನವಾಗಿಬಿಟ್ಟಿರುತ್ತದೆ. ಸಂಜೆ ಕರೆದ ಹಾಲು ಎಷ್ಟು ಹೊತ್ತು ಕ್ಯಾನಿನಲ್ಲಿ ಕೂತಿತ್ತು, ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ಔಷಧದ ಅಂಶ ಹೋಗುವವರೆಗೆ ಬೇರೆ ಇಟ್ಟರೋ ಇಲ್ಲವೋ, ಬೂಷ್ಟು ಹಿಡಿದ ಹಿಂಡಿ ತಿನ್ನಿಸಿದ್ದರಿಂದ ಅಫ್ಲಟಾಕ್ಸಿನ್ ಬಂದಿದೆಯೋ, ಇವನ್ನು ಘಟಕದೊಳಗೆ ಸರಿಪಡಿಸಲಾಗದು. ಪಾಶ್ಚರೀಕರಣದಿಂದ ಆಂಟಿಬಯೋಟಿಕ್ ಶೇಷವೂ ಹೋಗುವುದಿಲ್ಲ, ಅಫ್ಲಟಾಕ್ಸಿನ್ ಕೂಡ ಹೋಗುವುದಿಲ್ಲ. ಆದ್ದರಿಂದ ನನ್ನ ವಿನಂತಿ ಇಷ್ಟೇ: ದರ ಮತ್ತು ರೈತ ಸಂಬಂಧ ಹಿರಿಯರ ಬಳಿಯೇ ಇರಲಿ, ಸಂಗ್ರಹಣಾ ಕೇಂದ್ರದ ತಾಪಮಾನ, ಪರೀಕ್ಷೆ ಮತ್ತು ತಿರಸ್ಕಾರದ ನಿಯಮಗಳು ನಿರ್ದೇಶಕರ ಅಧಿಕಾರದಲ್ಲಿರಲಿ. ಇದಕ್ಕೆ ಅವಕಾಶವೇ ಇಲ್ಲವೆಂದಾದರೆ ದಯವಿಟ್ಟು ಈಗಲೇ ತಿಳಿಸಿ. ಫಲಿತಾಂಶದ ಹೊಣೆ ಹೊತ್ತು ಕಾರಣದ ಮೇಲೆ ಹಿಡಿತವಿಲ್ಲದ ಕುರ್ಚಿಯಲ್ಲಿ ಕೂತರೆ ನಾನು ಆ ಕಂಪನಿಗೆ ನ್ಯಾಯ ಒದಗಿಸಲಾರೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪ್ರಶ್ನೆ ಇದೆ. "ನಿರ್ದೇಶಕ" ಎಂಬುದು ಇಲ್ಲಿ ಪದನಾಮ ಮಾತ್ರವೋ, ಅಥವಾ 2013ರ ಕಂಪನಿ ಕಾಯ್ದೆಯ ಪ್ರಕಾರ ಆಡಳಿತ ಮಂಡಳಿಯಲ್ಲಿ ಸ್ಥಾನವೋ? ಮಂಡಳಿಯ ಸದಸ್ಯನಾದರೆ ಕಂಪನಿ ಒಡೆತನದ ಕಾರ್ಖಾನೆಗೆ ಕಾನೂನಿನ ದೃಷ್ಟಿಯಲ್ಲಿ ಆಕ್ಯುಪೈಯರ್, ಅಂದರೆ ಅಲ್ಲಿನ ಸುರಕ್ಷತೆಗೆ ಅಂತಿಮ ಹೊಣೆಗಾರ, ಆಗುವುದು ನಿರ್ದೇಶಕರಲ್ಲೊಬ್ಬರೇ. 1948ರ ಕಾರ್ಖಾನೆ ಕಾಯ್ದೆಯಲ್ಲೂ ಹೀಗೆಯೇ ಇತ್ತು, ಕಳೆದ ನವೆಂಬರ್‌ನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಸ್ವತಂತ್ರ ನಿರ್ದೇಶಕರನ್ನು ಹೊರತುಪಡಿಸಿ ಹೀಗೆಯೇ ಇದೆ. ಅಮೋನಿಯಾ ಶೀತಲ ವ್ಯವಸ್ಥೆ ಇರುವ ಘಟಕದಲ್ಲಿ ಇದು ಕಾಗದದ ಮೇಲಿನ ಮಾತಲ್ಲ. ಹಾಗೆಯೇ 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಎರಡೂ ಘಟಕಗಳಿಗೆ ಯಾರನ್ನು ಹೊಣೆಗಾರರಾಗಿ ನಾಮನಿರ್ದೇಶನ ಮಾಡಲಾಗಿದೆ ಎಂಬುದೂ ತಿಳಿಯಬೇಕು. ಈ ಹೊಣೆಗಳಿಂದ ತಪ್ಪಿಸಿಕೊಳ್ಳಲು ಕೇಳುತ್ತಿಲ್ಲ, ಹೊರಲು ಸಿದ್ಧನಿದ್ದೇನೆ. ಸುರಕ್ಷತೆಗೆ ಬೇಕಾದ ವೆಚ್ಚವನ್ನು ಒಂದು ಮಿತಿಯವರೆಗೆ ಯಾರ ಅನುಮತಿಗೂ ಕಾಯದೆ ಮಾಡುವ ಅಧಿಕಾರವೂ ನೇಮಕಾತಿ ಪತ್ರದಲ್ಲಿ ಜೊತೆಗೇ ಬರಬೇಕು ಎಂಬುದಷ್ಟೇ ನನ್ನ ಕೋರಿಕೆ.

ಹಿಂದಿನವರು ಹದಿನಾಲ್ಕು ತಿಂಗಳಲ್ಲಿ ಬಿಟ್ಟುಹೋದರು ಎಂದು ತಾವು ಮುಚ್ಚುಮರೆಯಿಲ್ಲದೆ ತಿಳಿಸಿದ್ದು ನನಗೆ ಸಮಾಧಾನ ತಂದಿತು. ಕಾರಣವನ್ನು ಕಂಪನಿಯ ಬಾಯಿಂದಲೇ ಕೇಳಲು ಅವಕಾಶವಾದರೆ ಉಪಕಾರವಾಗುತ್ತದೆ.

ತಾವು ಬರೆದು ಕೇಳಿದ ವಿವರಗಳು ಹೀಗಿವೆ. ನನ್ನ ಈಗಿನ ವಾರ್ಷಿಕ ನಿಗದಿತ ವೇತನ 68 ಲಕ್ಷ ರೂಪಾಯಿ. ಸಾಧನೆ ಆಧಾರಿತ ಮೊತ್ತ ಕಳೆದ ವರ್ಷ 11 ಲಕ್ಷ ಬಂದಿತ್ತು. ನಿಗದಿತ ವೇತನದಲ್ಲಿ 80 ಲಕ್ಷದ ಆಸುಪಾಸು ನನ್ನ ನಿರೀಕ್ಷೆ, ಮಂಡಳಿಯ ಸ್ಥಾನ ಹಾಗೂ ಅಧಿಕಾರದ ವ್ಯಾಪ್ತಿ ಸ್ಪಷ್ಟವಾದ ಮೇಲೆ ಇದರಲ್ಲಿ ಹೊಂದಾಣಿಕೆಗೆ ಎಡೆಯಿದೆ. ನೋಟಿಸ್ ಅವಧಿ ಮೂರು ತಿಂಗಳು. ಮಗಳ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್‌ನಲ್ಲಿ ಮುಗಿಯುವುದರಿಂದ ಧಾರವಾಡಕ್ಕೆ ಮನೆ ಬದಲಿಸಲು ತೊಂದರೆಯಿಲ್ಲ, ಶಿಕ್ಷಕಿಯಾಗಿರುವ ನನ್ನ ಪತ್ನಿಯೊಂದಿಗೂ ಈ ಬಗ್ಗೆ ಮಾತನಾಡಿದ್ದೇನೆ. ಫೆಬ್ರವರಿ ಕೊನೆಯೊಳಗೆ ತೀರ್ಮಾನವಾದರೆ ಜೂನ್ ಮೊದಲ ವಾರ ಸೇರಬಹುದು. ನನ್ನ ಈಗಿನ ಒಪ್ಪಂದದಲ್ಲಿ ಕೆಲಸ ಬಿಟ್ಟ ನಂತರ ಒಂದು ವರ್ಷ ಪೈಪೋಟಿಯ ಕಂಪನಿ ಸೇರಬಾರದೆಂಬ ಷರತ್ತಿದೆ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಅಂಥ ನಿರ್ಬಂಧ ನಿಲ್ಲುವುದಿಲ್ಲವೆಂದು ನನ್ನ ವಕೀಲರು ತಿಳಿಸಿದ್ದಾರೆ. ಆದರೂ ಕಂಪನಿಗೆ ಇದು ಮೊದಲೇ ಗೊತ್ತಿರಲಿ. ಗೋಪ್ಯತೆಯ ಷರತ್ತನ್ನು ಮಾತ್ರ ನಾನು ಅಕ್ಷರಶಃ ಪಾಲಿಸುತ್ತೇನೆ. ದರಪಟ್ಟಿ, ಸರಬರಾಜುದಾರರ ವಿವರ, ಉತ್ಪನ್ನದ ಸೂತ್ರ, ಯಾವುದೂ ನನ್ನೊಂದಿಗೆ ಬರುವುದಿಲ್ಲ.

ನಾನು ಬೇರೆ ಅವಕಾಶ ನೋಡುತ್ತಿರುವುದು ನನ್ನ ಈಗಿನ ಕಂಪನಿಗೆ ತಿಳಿದಿಲ್ಲ. ಡೇರಿ ವಲಯ ಚಿಕ್ಕದು, ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜಿನಲ್ಲಿ ಓದಿದವರೆಲ್ಲ ಒಬ್ಬರಿಗೊಬ್ಬರು ಪರಿಚಿತರೇ. ಆದ್ದರಿಂದ ಅಂತಿಮ ಹಂತ ತಲುಪುವವರೆಗೆ ಎಲ್ಲಿಯೂ, ಅನೌಪಚಾರಿಕವಾಗಿ ಕೂಡ, ನನ್ನ ಬಗ್ಗೆ ವಿಚಾರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆ ಹಂತದಲ್ಲಿ ಮೂವರ ಹೆಸರು ಕೊಡುತ್ತೇನೆ: ನನ್ನ ಮೊದಲ ಹತ್ತು ವರ್ಷಗಳ ಹಾಲು ಒಕ್ಕೂಟದ ನಿವೃತ್ತ ಅಧಿಕಾರಿ, 2022ರಲ್ಲಿ ನನ್ನ ಮೇಲಧಿಕಾರಿಯಾಗಿದ್ದು ಈಗ ಕಂಪನಿ ಬಿಟ್ಟಿರುವವರು, ಹಾಗೂ ಅಂದು ಅನುಮಾನ ವ್ಯಕ್ತಪಡಿಸಿದ್ದ ಆ ಕೆಮಿಸ್ಟ್. ಅವರೀಗ ಬೇರೆ ಕಡೆ ಗುಣಮಟ್ಟ ವಿಭಾಗದ ಮುಖ್ಯಸ್ಥರು. ಮೂವರಲ್ಲಿ ಅವರ ಮಾತಿಗೆ ಹೆಚ್ಚು ಬೆಲೆ ಕೊಡಿ.

ಈ ಪತ್ರವನ್ನು ಸಂಸ್ಥಾಪಕರಿಗೆ ಹಾಗೆಯೇ ತೋರಿಸಲು ನನ್ನ ಒಪ್ಪಿಗೆಯಿದೆ. ಪರಿಷ್ಕರಿಸಿದ ಸ್ವವಿವರವನ್ನು ಲಗತ್ತಿಸಿದ್ದೇನೆ. 2022ರ ಘಟನೆ ಅದರ ಎರಡನೇ ಪುಟದಲ್ಲಿದೆ. ಮುಂದಿನ ವಾರ ಪಟ್ಟಿ ಸಿದ್ಧವಾಗುತ್ತದೆ ಎಂದಿದ್ದಿರಿ. ಸೋಮವಾರ ಗಣರಾಜ್ಯೋತ್ಸವದ ರಜೆ ಇರುವುದರಿಂದ ಶುಕ್ರವಾರ, ಅಂದರೆ 30ರವರೆಗೆ ತಮ್ಮ ಉತ್ತರಕ್ಕೆ ಕಾಯುತ್ತೇನೆ; ಅಷ್ಟರೊಳಗೆ ಮಾತನಾಡುವ ಅಗತ್ಯ ಬಿದ್ದರೆ ಸಂಜೆ ಏಳರ ನಂತರ ಕರೆ ಮಾಡಿ. ನನ್ನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶ್ರೀಕಾಂತ

ಲಗತ್ತು: ಸ್ವವಿವರ, ಮೂರು ಪುಟ