ಹದಿನೆಂಟಕ್ಕೆ ಒಡೆಯಬೇಕಾದ ಕಾಗದ

ತುಮರಿ ಸಮೀಪ, ಕರೂರು ಹೋಬಳಿ, ಸಾಗರ ತಾಲ್ಲೂಕು
3 ಆಗಸ್ಟ್ 2025

ಪ್ರೀತಿಯ ಸಿರಿ,

2037ರ ಮಾರ್ಚ್‌ನಲ್ಲಿ ನಿನಗೆ ಹದಿನೆಂಟು ತುಂಬಿದಾಗ ಇದನ್ನು ಕೊಡಬೇಕೆಂದು ಅಮ್ಮನಿಗೆ ಹೇಳಿದ್ದೇನೆ. ಪಹಣಿ, ಸೊಸೈಟಿಯ ಪಾಸ್‌ಬುಕ್ ಇರುವ ಟ್ರಂಕಿನಲ್ಲೇ ಇಡುತ್ತೇನೆ. ಅಲ್ಲಿಯವರೆಗೆ ಇಲಿ, ಗೆದ್ದಲು ಬಾರದಿರಲಿ.

ಈಗ ನೀನು ಒಂದನೇ ತರಗತಿ. ಮುಂದಿನ ಎರಡು ಹಲ್ಲು ಬಿದ್ದಿವೆ. ಹೆಸರು ಕೇಳಿದವರಿಗೆ ಬರೀ ಗಾಳಿ ಕೇಳಿಸುತ್ತದೆಂದು ನಿನ್ನ ಬದಲು ತಮ್ಮನೇ ಉತ್ತರ ಕೊಡುತ್ತಾನೆ, ಅದಕ್ಕೆ ನೀನು ಅವನಿಗೆ ಹೊಡೆಯುತ್ತೀಯೆ.

ಕಳೆದ ತಿಂಗಳು 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ನಿನಗೆ ಅದು ಹುಟ್ಟಿದಾಗಿನಿಂದ ಇದ್ದದ್ದೆಂದೇ ಅನಿಸೀತು. ನಿನ್ನ ಹೆರಿಗೆಗೆ ವಾರಗಳ ಮೊದಲೇ ಅಮ್ಮನನ್ನು ಸಾಗರದ ಅತ್ತೆಯ ಮನೆಯಲ್ಲಿ ಬಿಟ್ಟು ಬಂದಿದ್ದೆ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ನೋವು ಕಾಣಿಸಿಕೊಂಡರೆ ಕಾಡಿನ ಸುತ್ತುದಾರಿಯೇ ಗತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದಾಗ ನಮ್ಮ ಅಜ್ಜಯ್ಯನ ಗದ್ದೆ, ಮನೆ ಎಲ್ಲ ನೀರಿಗೆ ಹೋಯಿತು. ನಾಡಿಗೆ ಕರೆಂಟು ಸಿಕ್ಕಿತು, ನಮಗೆ ಲಾಂಚ್ ಸಿಕ್ಕಿತು. ಅರವತ್ತು ವರ್ಷ ಕಾದು ಬಂದ ಸೇತುವೆ ಇದು. ಅದರ ಮೇಲೆ ಮೊದಲು ಬೈಕ್ ಓಡಿಸಿದ ದಿನ ನಾನು ಸುಮ್ಮನೆ ಆಚೆ ದಡಕ್ಕೆ ಹೋಗಿ, ಚಹಾ ಕುಡಿದು, ತಿರುಗಿ ಬಂದೆ.

ಈ ಸೇತುವೆಯ ಮೇಲೆ ಯಾರು ಯಾವ ಕಡೆಗೆ ಹೋಗುತ್ತಾರೆ ಎಂಬುದು ನನ್ನ ಚಿಂತೆ. ಮೊನ್ನೆ ಕಾರಿನಲ್ಲಿ ಇಬ್ಬರು ಬಂದು, ಅಂಗಳದಲ್ಲಿ ನಿಂತು ಹಿನ್ನೀರಿನ ಕಡೆ ಕೈ ತೋರಿಸಿ, ಎಕರೆಗೆ ಎಷ್ಟು ಹೇಳುತ್ತೀರಿ ಎಂದರು. ಅಡಿಕೆ ತೋಟವನ್ನು ಒಮ್ಮೆಯೂ ತಿರುಗಿ ನೋಡಲಿಲ್ಲ. ನೀರು ಕಂಡರೆ ಸಾಕು ಅವರಿಗೆ. ಮಜ್ಜಿಗೆ ಕೊಟ್ಟು ಕಳಿಸಿದೆ. ‘ಇಲ್ಲ’ ಎಂದು ಮಾತ್ರ ಹೇಳಲಿಲ್ಲ, ಅದು ನಿನಗೆ ಗೊತ್ತಿರಲಿ.

ಏಕೆಂದರೆ ತೋಟ ಉಳಿದೀತು ಎಂಬ ಧೈರ್ಯ ನನಗೇ ಇಲ್ಲ. ಕೊಳೆರೋಗ ಅಜ್ಜಯ್ಯನ ಕಾಲದ್ದು, ಅದಕ್ಕೆ ಮದ್ದು ಗೊತ್ತು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಬಿಟ್ಟ ಹೊತ್ತು ನೋಡಿ ಗೊನೆಗೆ ಹೊಡೆದರೆ ಅರ್ಧವಾದರೂ ಕೈಗೆ ಬರುತ್ತದೆ. ಎಲೆಚುಕ್ಕಿ ಹಾಗಲ್ಲ. ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕಿ ಏಳುತ್ತದೆ, ಚುಕ್ಕಿಗಳು ಕೂಡಿಕೊಂಡು ಇಡೀ ಸೋಗೆ ಸುಟ್ಟಂತೆ ಒಣಗುತ್ತದೆ. ಈ ವರ್ಷ ತೋಟದ ಕೆಳಗಿನ ಸಾಲಿನಲ್ಲಿ ಕಂಡಿದೆ. ಔಷಧಿ ಹೊಡೆಯುವವರು ಕರೆದ ದಿನ ಬರುವುದಿಲ್ಲ, ಬಂದ ದಿನ ಮಳೆ ಬಿಡುವುದಿಲ್ಲ. ಇಂಥ ತೋಟವನ್ನು ನಿನಗಾಗಿ ಉಳಿಸುತ್ತಿದ್ದೇನೆಯೋ, ನಿನ್ನ ತಲೆಗೆ ಕಟ್ಟುತ್ತಿದ್ದೇನೆಯೋ, ರಾತ್ರಿ ಯೋಚಿಸಿದರೆ ಒಂದು, ಬೆಳಿಗ್ಗೆ ತೋಟಕ್ಕಿಳಿದರೆ ಇನ್ನೊಂದು.

ಬರುವ ಜೂನ್‌ನಿಂದ ನಿನ್ನನ್ನು ಸಾಗರದಲ್ಲಿ ಅತ್ತೆಯ ಮನೆಯಲ್ಲಿಟ್ಟು ಓದಿಸುವ ಮಾತು ನಡೆದಿದೆ. ನಮ್ಮೂರ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರುತ್ತವೆ. ಮೇಷ್ಟ್ರು ಒಳ್ಳೆಯವರು, ಆದರೆ ಮಕ್ಕಳೇ ಇಲ್ಲ. ಅಮ್ಮ ಕಳಿಸೋಣ ಎನ್ನುತ್ತಾಳೆ, ನಾನು ಇನ್ನೊಂದು ವರ್ಷ ಕಳೆಯಲಿ ಎನ್ನುತ್ತೇನೆ. ಓದಿಗಾಗಿ ಹೊರಟ ಮಕ್ಕಳು ಹಬ್ಬಕ್ಕೆ ನೆಂಟರಂತೆ ಬಂದು ಹೋಗುವುದನ್ನು ಸುತ್ತಲಿನ ಮನೆಗಳಲ್ಲಿ ನೋಡಿದ್ದೇನೆ. ಇದನ್ನು ನೀನು ಓದುವಾಗ ಯಾರ ಮಾತು ನಡೆಯಿತೆಂದು ಗೊತ್ತಾಗಿರುತ್ತದೆ. ಅಮ್ಮನದೇ ನಡೆದಿರುತ್ತದೆ ಬಿಡು.

ನೀನು ಇಲ್ಲಿಯೇ ಇರಬೇಕೆಂಬ ಆಸೆ ನನಗಿದೆ. ಬಚ್ಚಿಡುವುದಿಲ್ಲ. ಆದರೆ ನನ್ನ ಆಸೆ ತೀರಿಸಲು ಬಂದು ಕೂರಬೇಡ. ಏನು ಓದಿದರೂ ಸರಿ, ಎಲ್ಲಿ ದುಡಿದರೂ ಸರಿ, ದುಡಿದದ್ದು ನಿನ್ನ ಹೆಸರಿನ ಖಾತೆಗೆ ಬರಲಿ, ಅಷ್ಟಾದರೆ ನನಗೆ ನಿದ್ದೆ ಬರುತ್ತದೆ. ಮದುವೆಯ ವಿಷಯ ಈಗ ಬರೆಯುವುದಿಲ್ಲ. ಹಲ್ಲಿಲ್ಲದವಳಿಗೆ ಏನು ಮದುವೆ!

ಇನ್ನೊಂದು ವಿಷಯ. ಹದಿನೆಂಟು ತುಂಬಿತೆಂದರೆ ನಿನ್ನ ಸಹಿಗೆ ಬೆಲೆ ಬರುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದು ಅರಿಶಿನ ಕುಂಕುಮ ಕೊಟ್ಟಷ್ಟೇ ಸಲೀಸಾಗಿ ನಡೆಯುತ್ತದೆ. ನನ್ನ ಅಕ್ಕ, ಅಂದರೆ ಸಾಗರದ ಅತ್ತೆಯೂ ಬರೆದುಕೊಟ್ಟಿದ್ದಾಳೆ, ಒಂದು ಸೀರೆಗೆ. ಆ ಪಾಲಿನ ತೋಟದ ಫಸಲನ್ನೇ ನಾವು ಉಣ್ಣುತ್ತಿದ್ದೇವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಮ್ಮ ಕೇಳಲಿ, ದೊಡ್ಡಪ್ಪ ಕೇಳಲಿ, ನಾನೇ ಕೇಳಲಿ, ಮನೆಗೆ ತಂದು ಪೂರ್ತಿ ಓದದೆ ಸಹಿ ಹಾಕಬೇಡ. ಮಾರಬೇಕೆನಿಸಿದರೆ ತಮ್ಮನ ಜೊತೆ ಕೂತು ಮಾತಾಡಿ ಮಾರು, ನನಗೇನೂ ಬೇಸರವಿಲ್ಲ. ಸ್ವಲ್ಪ ಆದೀತು.

ಅತ್ತೆಗೆ ಆ ಪಾಲಿನ ಬಾಬ್ತು ಏನಾದರೂ ಕೊಡಬೇಕೆಂದು ಅಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ. 2037ಕ್ಕೂ ಕೊಟ್ಟಿಲ್ಲದಿದ್ದರೆ ನನ್ನನ್ನು ಕೇಳು.

ಇಂತಿ,
ನಿನ್ನ ಅಪ್ಪ