ವಿಷಯ: ಕಂಪ್ರೆಸರ್ ಬಿಲ್ಲನ್ನು ಹೊಸ ಕಂಪನಿ ಹೆಸರಿಗೆ ಮಾಡಿಕೊಡುವ ಬಗ್ಗೆ (12 ನವೆಂಬರ್ 2025ರ ಇನ್‌ವಾಯ್ಸ್)

ಬಸವರಾಜ ಸರ್,

ನಮಸ್ಕಾರ. ಬುಧವಾರ ಸಂಜೆ ಫೋನಿನಲ್ಲಿ ಮಾತಾಡಿದ್ದು, ನಿನ್ನೆ ನೀವು ಕಳಿಸಿದ ಮೇಲ್, ಅದರ ಜೊತೆಗಿದ್ದ ಎರಡು ಸರ್ಟಿಫಿಕೇಟ್ ಎಲ್ಲ ನೋಡಿದೆ. ಮೊದಲು ಸೀದಾ ಹೇಳಿಬಿಡುತ್ತೇನೆ: ತಂದೆಯವರ ಹಳೆ ಫರ್ಮಿನ ಹೆಸರಲ್ಲಿರುವ ಆ ಬಿಲ್ಲನ್ನು ನಿಮ್ಮ ಹೊಸ ಕಂಪನಿ ಹೆಸರಿಗೆ ಬದಲಿಸಿ ಕೊಡಲು ನಮಗೆ ಆಗುವುದಿಲ್ಲ. ಆದರೆ ನಿಮಗೆ ಬೇಕಾದ ಕೆಲಸ ಆಗುವ ದಾರಿ ಇದೆ. ಅದನ್ನು ಕೆಳಗೆ ಬರೆದಿದ್ದೇನೆ.

ಅದಕ್ಕೂ ಮುಂಚೆ ನಮ್ಮ ತಪ್ಪು ಒಂದಿದೆ. ಕಮಿಷನಿಂಗ್ ದಿನ ನಮ್ಮ ಸೇಲ್ಸ್ ಹುಡುಗ ನಿಮಗೆ "ಆಮೇಲೆ ಹೆಸರು ಬದಲಿಸಿ ಕೊಡೋಣ್ರಿ, ಏನೂ ತೊಂದ್ರಿ ಇಲ್ಲ" ಅಂದನಂತೆ. ಅವನನ್ನು ಕೇಳಿದೆ, ಹೌದು ಅಂದ. ಅಕೌಂಟ್ಸ್‌ನವರನ್ನು ಒಂದು ಮಾತು ಕೇಳದೆ ಹಾಗೆ ಹೇಳಬಾರದಿತ್ತು. ನೀವು ಆ ಮಾತು ನಂಬಿ ಸಾಲ ಕೇಳಿರುವ ಬ್ಯಾಂಕಿಗೆ ಹೇಳಿಬಿಟ್ಟಿದ್ದೀರಿ. ಅದಕ್ಕೆ ಕ್ಷಮೆ ಇರಲಿ.

ಈಗ ಯಾಕೆ ಆಗುವುದಿಲ್ಲ ಅಂತ ಹೇಳುತ್ತೇನೆ. ನಮ್ಮ ಫೈಲಿನಲ್ಲಿ ಇರುವುದು ಇಷ್ಟು. ನವೆಂಬರ್ 3ರಂದು ಪರ್ಚೇಸ್ ಆರ್ಡರ್ ಬಂದದ್ದು ಹಳೆ ಫರ್ಮಿನ ಲೆಟರ್‌ಹೆಡ್‌ನಲ್ಲಿ, ಕೆಳಗೆ ನಿಮ್ಮ ತಂದೆಯವರ ಸಹಿ ಇದೆ. ಒಂದು ಲಕ್ಷ ಅಡ್ವಾನ್ಸ್ ಮತ್ತು ನವೆಂಬರ್ 14ರ ಬಾಕಿ ಆರ್‌ಟಿಜಿಎಸ್, ಎರಡೂ ಹಳೆ ಫರ್ಮಿನ ಖಾತೆಯಿಂದಲೇ ಬಂದಿವೆ. 12ರಂದು ಇ-ಇನ್‌ವಾಯ್ಸ್ ಆಯಿತು. ಅವತ್ತೇ ಇ-ವೇ ಬಿಲ್ ತೆಗೆದು, ಉದ್ಯಮಬಾಗ್‌ನ ನಿಮ್ಮ ಹಳೆ ಶೆಡ್ಡಿನಲ್ಲಿ ಮಷಿನ್ ಇಳಿಸಿದೆವು. ಅಂದರೆ ಕೇಳಿದವರು, ದುಡ್ಡು ಕೊಟ್ಟವರು, ಮಾಲು ಇಳಿಸಿಕೊಂಡವರು ಎಲ್ಲ ಹಳೆ ಫರ್ಮಿನವರೇ. ಬಿಲ್ಲಿನಲ್ಲಿ ಯಾವ ತಪ್ಪೂ ಇಲ್ಲ, ಸರ್. ತಪ್ಪಿದ್ದರೆ ತಿದ್ದಬಹುದಿತ್ತು.

ನೀವು ಕಳಿಸಿದ ಸರ್ಟಿಫಿಕೇಟ್‌ಗಳ ತಾರೀಖು ಒಮ್ಮೆ ನೋಡಿ. ಹೊಸ ಪ್ರೈವೇಟ್ ಲಿಮಿಟೆಡ್ ಕಂಪನಿ ರಿಜಿಸ್ಟರ್ ಆದದ್ದು ನವೆಂಬರ್ 18ಕ್ಕೆ. ಅದಕ್ಕೆ ಜಿಎಸ್‌ಟಿ ನಂಬರ್ ಸಿಕ್ಕಿದ್ದು 24ಕ್ಕೆ. ನಮ್ಮ ಬಿಲ್ 12ರದ್ದು. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾರಲ್ಲ, ಇದು ಹಾಗೇ ಆಗುತ್ತದೆ. ಅವತ್ತು ಇಲ್ಲದೇ ಇದ್ದ ಕಂಪನಿಗೆ ಅವತ್ತಿನ ತಾರೀಖಿನ ಬಿಲ್ ಕೊಟ್ಟರೆ ಯಾವ ಆಡಿಟರ್ ಬೇಕಾದರೂ ಎರಡು ನಿಮಿಷದಲ್ಲಿ ಹಿಡಿಯುತ್ತಾನೆ. ಬ್ಯಾಂಕಿನವರೂ ಅಷ್ಟೇ, ಅವರ ಹತ್ತಿರ ನಿಮ್ಮ ಕಂಪನಿಯ ಸರ್ಟಿಫಿಕೇಟ್ ಹೇಗೂ ಇರುತ್ತದೆ.

"ಹಳೆದನ್ನು ಕ್ಯಾನ್ಸಲ್ ಮಾಡಿ ಹೊಸದು ಮಾಡಿ" ಅಂತಲೂ ಕೇಳಿದ್ದೀರಿ. ಇ-ಇನ್‌ವಾಯ್ಸ್ ಕ್ಯಾನ್ಸಲ್ ಮಾಡಲು ಪೋರ್ಟಲ್ ಕೊಡುವುದು 24 ಗಂಟೆ ಮಾತ್ರ. ನಮ್ಮ ವಹಿವಾಟು 5 ಕೋಟಿ ದಾಟಿರುವುದರಿಂದ ನಮಗೆ ಇ-ಇನ್‌ವಾಯ್ಸ್ ಕಡ್ಡಾಯ, ಕೈಬಿಲ್ಲಿನ ಕಾಲದ ಹಾಗೆ ಪುಸ್ತಕದ ಹಾಳೆ ಹರಿದು ಇನ್ನೊಂದು ಬರೆಯುವ ಹಾಗಿಲ್ಲ. ಕ್ರೆಡಿಟ್ ನೋಟ್ ಕೊಡಬೇಕು ಅಂದರೆ ಮಾಲು ವಾಪಸ್ ಬಂದಿರಬೇಕು, ಇಲ್ಲವೇ ಮಾಲು ಕೆಟ್ಟದ್ದಿರಬೇಕು, ಅಥವಾ ಬೆಲೆಯನ್ನೋ ತೆರಿಗೆಯನ್ನೋ ಜಾಸ್ತಿ ಹಾಕಿರಬೇಕು. ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಹೇಳುವುದು ಇದನ್ನೇ. ಮಷಿನ್ ನಿಮ್ಮ ಶೆಡ್ಡಿನಲ್ಲಿ ಓಡುತ್ತಿರುವಾಗ ವಾಪಸ್ ಬಂತು ಅಂತ ನಾನು ಹೇಗೆ ಬರೆಯಲಿ? ಡಿಸೆಂಬರ್ 9ರಂದು ನಮ್ಮ ಸರ್ವಿಸ್ ಹುಡುಗ ಬಂದಾಗ ಅವರ್ ಮೀಟರ್ 118 ಗಂಟೆ ತೋರಿಸುತ್ತಿತ್ತು. ಆ ರಿಪೋರ್ಟಿಗೆ ನಿಮ್ಮ ಫೋರ್‌ಮನ್ ಸಹಿಯೂ ಇದೆ.

ನಿಮ್ಮ ಸಿಎ ಹೇಳಿದ ಮಾತು ಮಾತ್ರ ಸ್ವಲ್ಪ ವಿಚಾರ ಮಾಡುವಂಥದ್ದು. ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿ ಟೇಬಲ್ ಇದೆ, ಅಲ್ಲಿ ಗ್ರಾಹಕರ ಜಿಎಸ್‌ಟಿ ನಂಬರ್ ಬದಲಿಸಬಹುದು ಅಂದಿದ್ದಾರೆ. ನಿಜ, ಆ ಕಾಲಂ ತಿದ್ದಲು ಬರುತ್ತದೆ. ಆದರೆ ಅದು ಇರುವುದು ನಂಬರ್ ಟೈಪ್ ಮಾಡುವಾಗ ಕೈತಪ್ಪಿದ್ದರೆ ಸರಿಮಾಡಲು. ಸ್ಕ್ರೀನಿನ ಮೇಲೆ ನಂಬರ್ ಬದಲಾದರೂ ಪರ್ಚೇಸ್ ಆರ್ಡರ್, ಇ-ವೇ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಡೆಲಿವರಿ ಚಲನ್ ಮೇಲಿನ ಸಹಿ ಯಾವುದೂ ಬದಲಾಗುವುದಿಲ್ಲ. ಮಾಲು ಪಡೆಯದವರು ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡರೆ ಹತ್ತು ಸಾವಿರ ಅಥವಾ ತೆರಿಗೆಯಷ್ಟೇ ಮೊತ್ತ, ಯಾವುದು ಜಾಸ್ತಿಯೋ ಅಷ್ಟು ದಂಡ. ಇಲ್ಲಿ ಅದು 82,800 ರೂಪಾಯಿ. ಮಾಲು ಕೊಡದೆ ಬಿಲ್ ಕೊಟ್ಟದ್ದಕ್ಕೆ ನಮಗೂ ಅದೇ ದಂಡ. ಹೊಸ ಕಂಪನಿಯ ಮೊದಲನೇ ರಿಟರ್ನಿನಲ್ಲೇ ಇಂಥದ್ದು ಬೇಡ ಸರ್.

ಇನ್ನು ದಾರಿ.

ನನಗೆ ಸರಿ ಅನ್ನಿಸುವುದು ಇದು: ಹಳೆ ಫರ್ಮೇ ಆ ಕಂಪ್ರೆಸರನ್ನು ಹೊಸ ಕಂಪನಿಗೆ ಮಾರಲಿ. ತಂದೆಯವರ ಫರ್ಮಿನಿಂದ ಹೊಸ ಕಂಪನಿಗೆ ಡಿಸೆಂಬರ್ ತಾರೀಖಿನ ಒಂದು ಟ್ಯಾಕ್ಸ್ ಇನ್‌ವಾಯ್ಸ್ ಆಗಲಿ. ಬೆಲೆ ನಾವು ಹಾಕಿದ್ದೇ ಇರಲಿ: 4,60,000, ಅದರ ಮೇಲೆ ಶೇ 18 ಅಂದರೆ 82,800, ಒಟ್ಟು 5,42,800. ಬಿಲ್ಲಿನಲ್ಲಿ ಮಷಿನ್ ಸೀರಿಯಲ್ ನಂಬರ್ ಕಡ್ಡಾಯವಾಗಿ ಬರೆಸಿ.

ತೆರಿಗೆ ಎರಡು ಸಲ ಕಟ್ಟಬೇಕಾಗುತ್ತದೆ ಅಂತ ಗಾಬರಿ ಬೇಡ. ನಮ್ಮ ನವೆಂಬರ್ ಜಿಎಸ್‌ಟಿಆರ್-1 ಮೊನ್ನೆ 10ಕ್ಕೆ ಫೈಲ್ ಆಗಿದೆ. ನಾಡಿದ್ದು 14ಕ್ಕೆ ನಮ್ಮ ಬಿಲ್ ಹಳೆ ಫರ್ಮಿನ 2ಬಿಯಲ್ಲಿ ಕಾಣಿಸುತ್ತದೆ, ಆ 82,800 ಅವರಿಗೆ ಕ್ರೆಡಿಟ್ ಸಿಗುತ್ತದೆ. ಡಿಸೆಂಬರ್ ಮಾರಾಟಕ್ಕೆ ಕಟ್ಟಬೇಕಾದ ತೆರಿಗೆಯೂ ಅಷ್ಟೇ. ಒಂದಕ್ಕೊಂದು ವಜಾ ಆಗುತ್ತದೆ, ಕೈಯಿಂದ ಏನೂ ಹೋಗುವುದಿಲ್ಲ. ಹಳೆ ಫರ್ಮಿನವರು ಜನವರಿ 11ರೊಳಗೆ ತಮ್ಮ ಜಿಎಸ್‌ಟಿಆರ್-1 ಹಾಕಿದರೆ, 14ಕ್ಕೆ ಹೊಸ ಕಂಪನಿಯ 2ಬಿಯಲ್ಲಿ ಬರುತ್ತದೆ. ನಿಮಗೆ ಬೇಕಾಗಿದ್ದ ಕ್ರೆಡಿಟ್ ಬಂದ ಹಾಗಾಯಿತು, ತಿಂಗಳು ತಡ ಅಷ್ಟೇ. ಒಂದೇ ಮನೆಯ ಎರಡು ಸಂಸ್ಥೆ ಅಂತ ಬೆಲೆಯ ಪ್ರಶ್ನೆ ಬಂದರೆ, ಕೊಳ್ಳುವವರಿಗೆ ಪೂರ್ತಿ ಕ್ರೆಡಿಟ್ ಸಿಗುವಾಗ ಬಿಲ್ಲಿನ ಬೆಲೆಯನ್ನೇ ಒಪ್ಪಬೇಕು ಅಂತ 28ನೇ ರೂಲ್‌ನಲ್ಲಿದೆ. ಹಳೆ ಫರ್ಮ್ ಇದನ್ನು ತನ್ನ ಪುಸ್ತಕದಲ್ಲಿ ಆಸ್ತಿ ಅಂತ ಹತ್ತಿಸಿದ್ದರೆ 18(6) ಸೆಕ್ಷನ್ ಬರುತ್ತದೆ. ಕೊಂಡ ಬೆಲೆಗೇ ಮಾರಿದರೆ ಅದರಿಂದಲೂ ಜಾಸ್ತಿ ಹೊರೆ ಇಲ್ಲ. ಆದರೂ ಅದನ್ನು ನಿಮ್ಮ ಸಿಎ ಒಮ್ಮೆ ನೋಡಲಿ, ನಾನು ಕಂಪ್ರೆಸರ್ ಅಂಗಡಿಯ ಲೆಕ್ಕ ಬರೆಯುವವಳು.

ಎರಡು ಸಣ್ಣ ವಿಷಯ ಮರೆಯಬೇಡಿ. ಹೊಸ ಕಂಪನಿಯ ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ ಹೊನಗಾ ವಿಳಾಸ ಮಾತ್ರ ಇದೆ, ಮಷಿನ್ ಇರುವುದು ಉದ್ಯಮಬಾಗ್‌ನಲ್ಲಿ. ಮಷಿನ್ ಹೊನಗಾಕ್ಕೆ ಒಯ್ಯುವುದಾದರೆ ಹಳೆ ಫರ್ಮಿನ ಹೆಸರಲ್ಲಿ ಇ-ವೇ ಬಿಲ್ ತೆಗೆಯಿರಿ. 50,000 ದಾಟಿದ ಮಾಲು, ಊರ ಪಕ್ಕದಲ್ಲೇ ಅಲ್ವಾ ಅಂತ ಸುಮ್ನೆ ಟೆಂಪೋದಲ್ಲಿ ಹಾಕಿಕೊಂಡು ಹೋಗಬೇಡಿ. ಉದ್ಯಮಬಾಗ್‌ನಲ್ಲೇ ಇರುತ್ತದೆ ಅಂದರೆ ಆ ಶೆಡ್ಡನ್ನು ಹೊಸ ಕಂಪನಿಯ ರಿಜಿಸ್ಟ್ರೇಷನ್ನಿಗೆ ಸೇರಿಸಬೇಕಾಗುತ್ತದೆ. ಇನ್ನೊಂದು, ಹೊಸ ಕಂಪನಿಯಿಂದ ಹಳೆ ಫರ್ಮಿಗೆ ದುಡ್ಡು ಖಾತೆಯಿಂದ ಖಾತೆಗೆ ಹೋಗಲಿ. ಬರೀ ಪುಸ್ತಕದಲ್ಲಿ ಜಮಾ-ಖರ್ಚು ಬರೆದು ಬಿಡಬೇಡಿ.

ಈ ದಾರಿಯಲ್ಲಿ ತೊಡಕು ಇರುವುದು ಒಂದೇ ಕಡೆ, ಬ್ಯಾಂಕ್. ತಂದೆಯ ಫರ್ಮಿನಿಂದ ಮಕ್ಕಳ ಕಂಪನಿ ಕೊಂಡ ಮಷಿನ್‌ಗೆ ಅವರು ಸಾಲ ಕೊಡುತ್ತಾರೋ ಇಲ್ಲವೋ ನಾನು ಹೇಳಲಾರೆ. ಹೊಸ ಮಷಿನ್ನೇ ಬೇಕು, ಡೀಲರ್ ಖಾತೆಗೇ ಸೀದಾ ದುಡ್ಡು ಹಾಕುತ್ತೇವೆ ಅನ್ನಬಹುದು. ಆದ್ದರಿಂದ ಏನೂ ಬಿಲ್ ಮಾಡುವ ಮೊದಲು ಮ್ಯಾನೇಜರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ, ಉತ್ತರವನ್ನು ಮೇಲ್‌ನಲ್ಲೇ ತೆಗೆದುಕೊಳ್ಳಿ. ಅವರಿಗೆ ತೋರಿಸಲು ನಮ್ಮ ಕಡೆಯಿಂದ ಒಂದು ಪತ್ರ ಕೊಡುತ್ತೇವೆ. ಮಷಿನ್ ಯಾವತ್ತು ಕೊಟ್ಟೆವು, ಯಾರಿಗೆ ಕೊಟ್ಟೆವು, ಎಷ್ಟಕ್ಕೆ ಕೊಟ್ಟೆವು, ದುಡ್ಡು ಪೂರ್ತಿ ಬಂದಿದೆ ಅಂತ ಅದರಲ್ಲಿ ಇರುತ್ತದೆ. ನಿಜ ಏನಿದೆಯೋ ಅಷ್ಟೇ ಬರೆಯುತ್ತೇವೆ.

ಬ್ಯಾಂಕ್ ಒಪ್ಪುವುದೇ ಇಲ್ಲ ಅಂದರೆ ಉಳಿಯುವುದು ಮಷಿನ್ ನಿಜವಾಗಿ ವಾಪಸ್ ಕೊಡುವುದು. ನಮ್ಮ ಮಾಲೀಕರನ್ನು ಕೇಳಿದ್ದೇನೆ, ನಿಮ್ಮ ಸಲುವಾಗಿ ತೆಗೆದುಕೊಳ್ಳಲು ತಯಾರಿದ್ದಾರೆ. ಆದರೆ ಬಿಚ್ಚುವುದು, ಕ್ರೇನ್, ಸಾಗಣೆ ನಿಮ್ಮದೇ ಖರ್ಚು. 118 ಗಂಟೆ ಓಡಿದ್ದಕ್ಕೆ ಬೆಲೆಯೂ ಸ್ವಲ್ಪ ಇಳಿಯುತ್ತದೆ. ಹೊಸ ಕಂಪನಿಗೆ ಬೇರೆ ಹೊಸ ಮಷಿನ್ ಕೊಡಬೇಕಾಗುತ್ತದೆ, ಅಲ್ಲಿಯವರೆಗೆ ನಿಮ್ಮ ಶೆಡ್ಡಿನಲ್ಲಿ ಗಾಳಿ ಇಲ್ಲ. ನಿಮ್ಮ ಗ್ರೈಂಡಿಂಗ್ ಲೈನ್ ನಿಂತರೆ ದಿನಕ್ಕೆ ಎಷ್ಟು ನಷ್ಟ ಅಂತ ನನಗಿಂತ ನಿಮಗೆ ಗೊತ್ತು. ನನ್ನನ್ನು ಕೇಳಿದರೆ ಬೇಡ.

ಒಂದು ಒಳ್ಳೆ ಸುದ್ದಿಯೂ ಇದೆ. ಏರ್ ಲೈನ್ ಪೈಪಿಂಗ್ ಕೆಲಸ, 86,000 ರೂಪಾಯಿದು, ಇನ್ನೂ ಶುರುವಾಗಿಲ್ಲ, ಬಿಲ್ಲೂ ಆಗಿಲ್ಲ, ಅಡ್ವಾನ್ಸೂ ಬಂದಿಲ್ಲ. ಅದು ಹೊಸ ಕಂಪನಿಗೆ ಬೇಕಿದ್ದರೆ ಈಗಲೇ ಹೊಸ ಲೆಟರ್‌ಹೆಡ್‌ನಲ್ಲಿ ಪರ್ಚೇಸ್ ಆರ್ಡರ್ ಕಳಿಸಿ, ಮೊದಲಿನಿಂದಲೇ ಆ ಹೆಸರಿಗೆ ಮಾಡಿಕೊಡುತ್ತೇನೆ. ಹೊಸ ಕಂಪನಿಯ ಖಾತೆ ನಮ್ಮ ಸಿಸ್ಟಮ್‌ನಲ್ಲಿ ಇವತ್ತೇ ತೆರೆದಿದ್ದೇನೆ. ಇನ್ನು ಮುಂದೆ ಫಿಲ್ಟರ್, ಎಣ್ಣೆ ಏನೇ ತರಿಸಿದರೂ ಯಾವ ಹೆಸರಿಗೆ ಅಂತ ಆರ್ಡರ್ ಮಾಡುವಾಗಲೇ ಹೇಳಿ. ನಿಮ್ಮ ಸ್ಟೋರಿನ ಹುಡುಗ "ಎಂದಿನ ಹಾಗೇ" ಅಂದರೆ ಬಿಲ್ ಹಳೆ ಹೆಸರಿಗೇ ಹೋಗುತ್ತದೆ.

ವಾರಂಟಿ ಸೀರಿಯಲ್ ನಂಬರಿನ ಮೇಲೆ ಇದೆ. ಹಳೆ ಫರ್ಮಿನ ಬಿಲ್ಲಿನ ಪ್ರತಿ ಬಂದ ದಿನವೇ ಹೊಸ ಕಂಪನಿ ಹೆಸರಿಗೆ ವರ್ಗ ಮಾಡಿಸುತ್ತೇವೆ, ಅದಕ್ಕೆ ದುಡ್ಡಿಲ್ಲ. ಅವಧಿ ಮಾತ್ರ ನವೆಂಬರ್ 17ರ ಕಮಿಷನಿಂಗ್‌ನಿಂದಲೇ ಲೆಕ್ಕ. ಮಷಿನ್ ಹೊನಗಾಕ್ಕೆ ಹೋದರೆ ಅಲ್ಲಿ ಕೂರಿಸಿ ಚಾಲೂ ಮಾಡಿ ಕೊಡುವುದಕ್ಕೂ ನಾವು ಚಾರ್ಜ್ ಹಾಕುವುದಿಲ್ಲ. ನಮ್ಮ ಹುಡುಗ ಆಡಿದ ಮಾತಿಗೆ ಇಷ್ಟಾದರೂ ಮಾಡಲೇಬೇಕು ಅಂತ ಮಾಲೀಕರು ಹೇಳಿದ್ದಾರೆ.

ಇನ್‌ವಾಯ್ಸ್, ಇ-ವೇ ಬಿಲ್, ಸಹಿ ಆದ ಡೆಲಿವರಿ ಚಲನ್, ಡಿಸೆಂಬರ್ 9ರ ಸರ್ವಿಸ್ ರಿಪೋರ್ಟ್ ಈ ಮೇಲ್‌ಗೆ ಲಗತ್ತಿಸಿದ್ದೇನೆ. ನಿಮ್ಮ ಸಿಎಗೆ ಇದನ್ನು ಹಾಗೇ ಕಳಿಸಬಹುದು. ಅವರಿಗೆ ಏನಾದರೂ ಬೇರೆ ಅನ್ನಿಸಿದರೆ ಸೋಮವಾರ ಬೆಳಿಗ್ಗೆ 11ರ ಮೇಲೆ ಫೋನ್ ಮಾಡಲಿ, ನಾನೇ ಮಾತಾಡುತ್ತೇನೆ. ಬ್ಯಾಂಕಿಗೆ ಪತ್ರ ಬೇಕಿದ್ದರೆ ಯಾವ ಶಾಖೆ, ಯಾರ ಹೆಸರಿಗೆ ಅಂತ ತಿಳಿಸಿ, ಅವತ್ತೇ ಸಹಿ ಮಾಡಿಸಿ ಕಳಿಸುತ್ತೇನೆ.

ತಂದೆಯವರಿಗೆ ನಮಸ್ಕಾರ ತಿಳಿಸಿ.

ಇಂತಿ,
ಸುಜಾತಾ
ಅಕೌಂಟ್ಸ್ ವಿಭಾಗ
ಖಾನಾಪುರ ರಸ್ತೆ, ಬೆಳಗಾವಿ
12 ಡಿಸೆಂಬರ್ 2025