ಮಳೆನೀರು ಕೊಯ್ಲು ಪ್ರಸ್ತಾವ: ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯ ರಿಹರ್ಸಲ್ ಕಾರ್ಡುಗಳು

ಮಾತಾಡುವವರು: ಕಾರ್ಯದರ್ಶಿ (ಕಾರ್ಡ್ 1ರಿಂದ 5, 7), ಖಜಾಂಚಿ (ಕಾರ್ಡ್ 6). ಸ್ಲೈಡ್ 7, ಸಮಯ 12 ನಿಮಿಷ. ಬ್ರಾಕೆಟ್ಟಿನಲ್ಲಿರುವುದು ಆ ಕಾರ್ಡ್ ಮುಗಿಯುವಾಗ ಗಡಿಯಾರ ತೋರಿಸಬೇಕಾದ ಹೊತ್ತು.

ಸ್ಲೈಡಿನಲ್ಲಿರುವ ಸಾಲುಗಳನ್ನು ಕಾರ್ಡಿಗೆ ಇಳಿಸಿಲ್ಲ, ಅವನ್ನು ಸಭಿಕರೇ ಓದಿಕೊಳ್ಳುತ್ತಾರೆ. ಇಲ್ಲಿರುವುದು ಬಾಯಿಂದ ಬರಬೇಕಾದ್ದು ಮಾತ್ರ. "ದಾಟು" ಸಾಲನ್ನು ಹೇಳಿ ಮುಗಿಸಿದ ಮೇಲೆ ಬಟನ್ ಒತ್ತಿ. ಮೊದಲೇ ಒತ್ತಿದರೆ ಜನ ಹೊಸ ಸ್ಲೈಡ್ ಓದತೊಡಗುತ್ತಾರೆ, ದಾಟುವ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಕಾರ್ಡ್ 1. ಟ್ಯಾಂಕರ್ ಬಿಲ್ (0:40)

ಮೊದಲ ಮಾತು: "ಎಲ್ಲರಿಗೂ ನಮಸ್ಕಾರ. ಮಾರ್ಚ್ ತಿಂಗಳಲ್ಲಿ ನಮ್ಮ ಗೇಟಿನೊಳಗೆ 62 ಟ್ಯಾಂಕರ್ ಬಂದಿವೆ."

ಅಂಕಿ: 62 ಲೋಡ್ × ₹1,400 = ₹86,800. 48 ಮನೆಗೆ ಹಂಚಿದರೆ ಮನೆಗೆ ₹1,800ಕ್ಕೆ ತುಸು ಮೇಲೆ.

ಮನೆಯ ಲೆಕ್ಕ ಹೇಳಿ ಒಂದು ಉಸಿರು ನಿಲ್ಲಿ. ಸಮಿತಿಯ ಪರಿಚಯ, ಸ್ವಾಗತ ಎಲ್ಲ ಅಧ್ಯಕ್ಷರು ಮಾಡಿರುತ್ತಾರೆ, ಮತ್ತೆ ಬೇಡ.

ದಾಟು: "ಈ ನೀರು ಎಲ್ಲಿಂದ ಬರುತ್ತೆ ಅಂತ ಮೊದಲು ನೋಡೋಣ."

ಕಾರ್ಡ್ 2. ನಮ್ಮ ನೀರಿನ ಮೂರು ದಾರಿ (2:10)

ಮೊದಲ ಮಾತು: "ಕಾವೇರಿ, ಬೋರ್‌ವೆಲ್, ಟ್ಯಾಂಕರ್. ಮೊದಲನೆಯದು ನಮ್ಮ ಕೈಲಿಲ್ಲ, ಎರಡನೆಯದು ಬತ್ತುತ್ತಿದೆ, ಮೂರನೆಯದು ದುಬಾರಿ."

ಅಂಕಿ: 160 ಜನ × 135 ಲೀಟರ್ = ದಿನಕ್ಕೆ 21,600 ಲೀಟರ್. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಬರಬೇಕು, ದಾರಿಯಲ್ಲಿ ಮೂರು ಸಲ ಪಂಪ್ ಆಗಿ ಮೇಲೇರಬೇಕು.

ಇಲ್ಲಿ ಯಾರಾದರೂ ತಡೆದು ಕೇಳುವುದು ಖಂಡಿತ: "ಕಾವೇರಿ ಯೋಜನೆಯ ಐದನೇ ಹಂತ ಬಂತಲ್ಲ, ಇನ್ನೇನು ಚಿಂತೆ?" ಉತ್ತರ: "2024ರ ಅಕ್ಟೋಬರಿನಲ್ಲಿ ಶುರುವಾಯ್ತು, ದಿನಕ್ಕೆ 775 ದಶಲಕ್ಷ ಲೀಟರ್. ಅದು ಮುಖ್ಯವಾಗಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ." ಇಷ್ಟು ಹೇಳಿ ಮುಂದೆ ಹೋಗಿ. ವಾದಕ್ಕೆ ಇಳಿದರೆ ಮೂರು ನಿಮಿಷ ಹೋಯಿತೆಂದೇ ಲೆಕ್ಕ.

ದಾಟು: "ನಾಲ್ಕನೇ ದಾರಿ ಒಂದಿದೆ. ಅದು ನಮ್ಮ ತಲೆ ಮೇಲೇ ಬೀಳುತ್ತೆ."

ಕಾರ್ಡ್ 3. ತಾರಸಿಯ ಲೆಕ್ಕ (4:10)

ಮೊದಲ ಮಾತು: "ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಇದೊಂದು ಗೊತ್ತಿದ್ದರೆ ಉಳಿದದ್ದು ಬರೀ ಗುಣಾಕಾರ."

ಅಂಕಿ: ತಾರಸಿ 900 ಚ.ಮೀ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿ.ಮೀ. ಆವಿಯಾಗಿ, ಸಿಡಿದು ಹೋಗುವುದನ್ನು ಕಳೆದು 0.8 ಹಿಡಿದರೆ 6,98,400 ಲೀಟರ್.

ಬಾಯಲ್ಲಿ "ಹತ್ತಿರ ಹತ್ತಿರ ಏಳು ಲಕ್ಷ ಲೀಟರ್" ಎನ್ನಿ. ಪೂರ್ತಿ ಅಂಕಿ ಓದಿದರೆ ತಡವರಿಸುವುದು ಇಲ್ಲೇ.

ತಕ್ಷಣ ಮುಂದಿನ ಸಾಲು, ಬಿಡಬೇಡಿ: "ಇದು ನಮ್ಮ 32 ದಿನದ ನೀರು, ಅಷ್ಟೇ. ವರ್ಷಪೂರ್ತಿ ಸಾಲುತ್ತೆ ಅಂತ ನಾವು ಹೇಳ್ತಿಲ್ಲ." ಇದನ್ನು ನಾವೇ ಹೇಳಿದರೆ ಲೆಕ್ಕ ಗಟ್ಟಿ. ಹಿಂದಿನ ಸಾಲಿನಿಂದ ಯಾರೋ ಭಾಗಿಸಿ ಹೇಳಿದರೆ ಉಳಿದ ಸ್ಲೈಡುಗಳನ್ನು ಯಾರೂ ನಂಬುವುದಿಲ್ಲ.

ದಾಟು: "ಏಳು ಲಕ್ಷವನ್ನು ಹಿಡಿಯೋದು ಹೇಗೆ?"

ಕಾರ್ಡ್ 4. ಪೈಪಿನಿಂದ ಸಂಪಿನವರೆಗೆ (6:10)

ಮೊದಲ ಮಾತು: "ಚಿತ್ರದಲ್ಲಿ ಮೇಲಿಂದ ಕೆಳಗೆ ಬನ್ನಿ: ತಾರಸಿ, ಜಾಲರಿ, ಪೈಪು, ಡ್ರಮ್ಮು, ಫಿಲ್ಟರ್, ಸಂಪು."

ಲೇಸರ್ ಇದೊಂದೇ ಸ್ಲೈಡಿಗೆ. ಹೆಸರು ಹೇಳಿದಾಗ ಆ ಜಾಗದಲ್ಲಿ ನಿಲ್ಲಿಸಿ, ಸುತ್ತಿಸಬೇಡಿ.

ಅಂಕಿ: ಇಳಿಪೈಪು 6, ಒಂದೊಂದಕ್ಕೆ 150 ಚ.ಮೀ. ತಾರಸಿ. ಮೊದಲ 1 ಮಿ.ಮೀ. ಮಳೆ ಅಂದರೆ ಪೈಪಿಗೆ 150 ಲೀಟರ್ ಕೊಳೆ ನೀರು, ಅದಕ್ಕೇ ಒಂದೊಂದಕ್ಕೂ 200 ಲೀಟರ್ ಡ್ರಮ್. ಹಳೇ ಸಂಪು 40,000 ಲೀಟರ್. 50 ಮಿ.ಮೀ. ಜೋರು ಮಳೆಯಿಂದ 36,000 ಲೀಟರ್, ಅಂದರೆ ಒಂದೇ ಮಳೆಗೆ ಸಂಪು ಹೆಚ್ಚುಕಡಿಮೆ ತುಂಬಿತು.

"ಡ್ರಮ್ ಯಾಕೆ, ಪೈಪಿನ ತುದಿಗೆ ಮುಚ್ಚಳ ಹಾಕಿ ಕೊಳೆ ನೀರು ಅಲ್ಲೇ ನಿಲ್ಲಿಸಬಹುದಲ್ಲ?" ಎಂದರೆ: "4 ಇಂಚಿನ ಪೈಪಿನಲ್ಲಿ ಮೀಟರಿಗೆ ಎಂಟೂವರೆ ಲೀಟರ್ ಮಾತ್ರ ನಿಲ್ಲುತ್ತೆ. 150 ಲೀಟರಿಗೆ ಹತ್ತಿರ ಹತ್ತಿರ ಹದಿನೆಂಟು ಮೀಟರ್ ಬೇಕು."

ಒತ್ತಿ ಹೇಳಿ: ಡ್ರಮ್ಮಿನ ಕೆಳಗಿನ ನಲ್ಲಿ ಸದಾ ತೊಟ್ಟಿಕ್ಕುತ್ತಿರಬೇಕು. "ನೀರು ಪೋಲಾಗ್ತಿದೆ" ಅಂತ ಯಾರಾದರೂ ಬಿಗಿ ಮಾಡಿದರೆ ಡ್ರಮ್ ತುಂಬೇ ಇರುತ್ತೆ, ಮುಂದಿನ ಮಳೆಯ ಕೊಳೆ ನೇರ ಫಿಲ್ಟರಿಗೆ ಹೋಗಿ ಅದು ಕಟ್ಟಿಕೊಳ್ಳುತ್ತೆ. ಈ ನೀರು ಬಳಕೆಗೆ, ಕುಡಿಯಲು ಅಲ್ಲ.

ದಾಟು: "ಸಂಪು ತುಂಬಿ ಉಕ್ಕಿದ ನೀರು ಮೋರಿಗೆ ಹೋಗಬಾರದು."

ಕಾರ್ಡ್ 5. ಇಂಗುಬಾವಿ, ಮತ್ತು ಒಂದು ತೊಡಕು (8:10)

ಮೊದಲ ಮಾತು: "ಎರಡು ಇಂಗುಬಾವಿ, ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ."

ಅಂಕಿ: ಬಾವಿಗೆ 1 ಅಡಿಯ 20 ಸಿಮೆಂಟ್ ರಿಂಗು, ಹಿಡಿಯುವ ನೀರು ಸುಮಾರು 4,000 ಲೀಟರ್. ಎರಡಕ್ಕೆ 8,000.

ಬಾವಿಯೊಳಗೆ ಜಲ್ಲಿ ತುಂಬಿಸುವುದಿಲ್ಲ. ತುಂಬಿದರೆ ಕಲ್ಲಿನ ಸಂದಿಯಷ್ಟೇ ನೀರು, ಅರ್ಧಕ್ಕೂ ಕಡಿಮೆ. ಹೂಳು ತೆಗೆಯಲೂ ಆಗದು. ಜಲ್ಲಿ ರಿಂಗಿನ ಹೊರಗೆ ಸುತ್ತಲೂ.

ತೊಡಕು (ಮುಚ್ಚಿಡಬೇಡಿ, ದನಿ ತಗ್ಗಿಸಬೇಡಿ): "ಆರರಲ್ಲಿ ಎರಡು ಪೈಪಿಗೆ ಬಾಲ್ಕನಿಯ ವಾಷಿಂಗ್ ಮೆಷಿನ್ ನೀರು ಸೇರಿದೆ." ಪ್ಲಂಬರ್ ಬಾಲ್ಕನಿಗಳಲ್ಲಿ ಬಣ್ಣದ ನೀರು ಸುರಿದು ಪತ್ತೆ ಹಚ್ಚಿದ್ದಾರೆ. ಬೇರ್ಪಡಿಸುವ ತನಕ ಆ ಎರಡನ್ನು ಜೋಡಿಸುವುದಿಲ್ಲ, ಇಲ್ಲದಿದ್ದರೆ ಸೋಪಿನ ನೀರು ಬೋರ್‌ವೆಲ್‌ಗೇ ಇಳಿದೀತು. ಯಾವ ಮನೆ ಎಂದು ಸಭೆಯಲ್ಲಿ ಹೇಳಬೇಡಿ.

ದಾಟು: "ಈಗ ಎಲ್ಲರೂ ಕಾಯ್ತಿರೋ ಸ್ಲೈಡು. ಖಜಾಂಚಿಯವರು ಹೇಳ್ತಾರೆ." ಮೈಕ್ ಕೈಗಿಟ್ಟ ಮೇಲೆ ಬಟನ್.

ಕಾರ್ಡ್ 6. ಖರ್ಚು (10:40) ಖಜಾಂಚಿ

ಮೊದಲ ಮಾತು: "ಒಟ್ಟು ಎರಡು ಲಕ್ಷ ನಲವತ್ತು ಸಾವಿರ. ಮನೆಗೆ ಐದು ಸಾವಿರ, ಎರಡು ಕಂತು."

ಒಟ್ಟು ಮೊದಲು, ವಿವರ ಆಮೇಲೆ. ತಿರುಗಾಮುರುಗಾ ಮಾಡಿದರೆ ಜನ ಕೂಡುತ್ತಾ ಕೂರುತ್ತಾರೆ.

ಅಂಕಿ: ಪೈಪು ಮತ್ತು ಬಾಲ್ಕನಿ ಬೇರ್ಪಡಿಕೆ ₹78,000. ಎರಡು ಫಿಲ್ಟರ್ ₹48,000. ಆರು ಡ್ರಮ್ ₹9,000. ಎರಡು ಬಾವಿ ₹90,000. ಮೇಲುಖರ್ಚು ₹15,000.

ಉಳಿತಾಯ: ಏಳು ಲಕ್ಷದಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಹಿಡಿದಿದ್ದೇವೆ. ಸತತ ಮಳೆಯಲ್ಲಿ ಸಂಪು ಉಕ್ಕುತ್ತೆ, ಹನಿ ಮಳೆ ಡ್ರಮ್ಮಿಗೇ ಮುಗಿಯುತ್ತೆ. ಮೂರೂವರೆ ಲಕ್ಷ ಲೀಟರ್ ಅಂದರೆ 6,000 ಲೀಟರಿನ 58 ಟ್ಯಾಂಕರ್. ಲೋಡಿಗೆ ವರ್ಷದ ಸರಾಸರಿ ₹1,000 ಹಿಡಿದರೆ ₹58,000. ಹಾಕಿದ್ದು ವಾಪಸಾಗಲು ನಾಲ್ಕು ವರ್ಷದ ಮೇಲೆ.

₹1,400ರ ಲೆಕ್ಕ ಇಲ್ಲಿ ಬಳಸಬೇಡಿ, ಅದು ಬೇಸಿಗೆಯ ದರ. ಮಳೆ ಬರುವಾಗ ಆ ದರ ಇರುವುದಿಲ್ಲ.

"ಬಾಡಿಗೆಯವರು ಕೊಡಬೇಕಾ?" ಎಂದು ಕೇಳಿದರೆ: "ಇದು ಕಟ್ಟಡದ ಕೆಲಸ, ಮಾಲೀಕರದ್ದು."

ದಾಟು: "ನಿಮ್ಮಿಂದ ಬೇಕಿರೋದು ಒಂದು ತೀರ್ಮಾನ." ಮೈಕ್ ವಾಪಸ್.

ಕಾರ್ಡ್ 7. ಮತ (11:30)

ಮೊದಲ ಮಾತು: "ಇವತ್ತು ಒಪ್ಪಿದರೆ ಮೇ ಕೊನೆಗೆ ಕೆಲಸ ಮುಗಿಯುತ್ತೆ. ಸೆಪ್ಟೆಂಬರ್ ಮಳೆ ತಪ್ಪಲ್ಲ."

ಅಂಕಿ: ಮೊದಲ ಕಂತು ₹2,500, ಏಪ್ರಿಲ್ 30ರೊಳಗೆ.

ಮಾದರಿ ನೋಡಬೇಕೆಂದವರಿಗೆ: ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರ.

ಕೊನೆಯ ಮಾತು: "ಒಪ್ಪುವವರು ಕೈ ಎತ್ತಿ." ಹೇಳಿ ಸುಮ್ಮನಿರಿ, ಎಣಿಸುವುದು ಅಧ್ಯಕ್ಷರ ಕೆಲಸ. ಸ್ಲೈಡ್ 6ಕ್ಕೆ ಹಿಂದೆ ಹೋಗಿ ಅದನ್ನೇ ತೆರೆಯ ಮೇಲೆ ಬಿಡಿ, ಪ್ರಶ್ನೆಗಳೆಲ್ಲ ಅದರ ಮೇಲೇ ಬರುತ್ತವೆ.